ಮೂವತ್ತರ ವೇಗದಲ್ಲಿ ಕುಣಿದ ಕಾರು

ನನ್ನ ಕಾರಿಗೆ ತೊಟ್ಟಿಲು ಎಂದು ಹೆಸರಿಟ್ಟವರು ನಮ್ಮ ಕಾಲೇಜಿನ ಕನ್ನಡ ಮೇಡಂ. ನಾನು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ದಿನಾ ಓಡಾಡುವವಳು. ಡಿಗ್ರಿ ಹುಡುಗರಿಗೆ ಫಿಸಿಕ್ಸ್ ಪಾಠ ಹೇಳುವುದು ನನ್ನ ಕೆಲಸ. ಹರವೆ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಮೇಡಂ ಮನೆ. ಮುಖ್ಯ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋಗಿ ಅವರನ್ನು ಹತ್ತಿಸಿಕೊಂಡು ಬರುತ್ತೇನೆ. ಆ ಒಳರಸ್ತೆ ಸಿಮೆಂಟಿನದು. ಒಂದೊಂದು ಚಪ್ಪಡಿಯೂ ಸುಮಾರು ಆರು ಮೀಟರ್ ಉದ್ದ, ಎಲ್ಲವೂ ಒಂದೇ ಕಡೆಗೆ ಅಷ್ಟಷ್ಟು ಕುಸಿದಿವೆ. ಹಾಗಾಗಿ ಚಪ್ಪಡಿಗಳು ಕೂಡುವ ಕೀಲು ಬಂದಾಗಲೆಲ್ಲ ಒಂದು ಏಟು. ಅದೂ ಲೆಕ್ಕ ಹಾಕಿ ಕೊಟ್ಟ ಹಾಗೆ, ಒಂದೇ ಅಂತರದಲ್ಲಿ.

ಆ ರಸ್ತೆಯಲ್ಲಿ ನನ್ನ ಕಾರು ಕುಣಿಯುತ್ತಿತ್ತು. ಮೂತಿ ಏಳುವುದು, ಮುಳುಗುವುದು, ಮತ್ತೆ ಏಳುವುದು. ಒಂದು ದಿನ ಮೇಡಂ ಮಡಿಲಲ್ಲಿದ್ದ ಟಿಫಿನ್ ಡಬ್ಬಿ ಹಿಡಿದುಕೊಂಡು, "ತೊಟ್ಟಿಲು ಕಣ್ರೀ ಇದು. ಜೋಗುಳ ಒಂದು ಬಾಕಿ," ಎಂದರು. ಹಿಂದೆ ಕೂತಿದ್ದ ಇನ್ನಿಬ್ಬರು ಲೆಕ್ಚರರುಗಳು ನಕ್ಕರು. ಸ್ಟಾಫ್ ರೂಮಿಗೂ ಆ ಮಾತು ಹೋಯಿತು. ನಗು ಬಂದಿದ್ದರೆ ನಾನೂ ನಗಬಹುದಿತ್ತು. ಆದರೆ ಆ ಕಾರಿನ ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ, ಕಟ್ಟಿ, ಕೂರಿಸಿದವರು ನನ್ನ ಅಪ್ಪ.

ಗುಂಡ್ಲುಪೇಟೆಯಲ್ಲಿ ಊಟಿ ಕಡೆಗೆ ಹೋಗುವ ರಸ್ತೆಗೆ ಮುಖ ಮಾಡಿ ಅಪ್ಪನ ಶೆಡ್ಡು ಇದೆ. ಶಾಕ್ ಅಬ್ಸಾರ್ಬರ್ ರಿಪೇರಿ ಒಂದೇ ಕೆಲಸ. ಎಲ್ಲರ ಬಾಯಲ್ಲಿ ಅದು ಬರೀ 'ಶಾಕು'. ಘಾಟಿ ಇಳಿದು ಹತ್ತುವ ಗಾಡಿಗಳಿಗೆ ಶಾಕು ಬೇಗ ಹೋಗುತ್ತದೆ. ಹೊಸದು ಹಾಕಿಸಲು ಮನಸ್ಸಿಲ್ಲದವರು ಅಪ್ಪನ ಹತ್ತಿರ ಬರುತ್ತಾರೆ. ಕೊಳವೆಯ ಪಕ್ಕಕ್ಕೆ ತೂತು ಕೊರೆದು, ಹಳೇ ಎಣ್ಣೆ ಸುರಿದು, ಸೀಲು ಬದಲಿಸಿ, ಹೊಸ ಎಣ್ಣೆ ತುಂಬಿ, ತೂತಿಗೆ ಬೋಲ್ಟು ಕೂರಿಸಿ ಬಿಗಿಯುತ್ತಾರೆ. ಆಮೇಲೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒಮ್ಮೆ ಅದುಮಿ ಬಿಡುತ್ತಾರೆ. ಗಾಡಿ ಹೇಗೆ ಎದ್ದಿತು, ಹೇಗೆ ನಿಂತಿತು ಎಂದು ಆ ಅಂಗೈಗೆ ತಿಳಿಯುತ್ತದೆ. "ಆಯ್ತು, ತಕ್ಕಂಡೋಗು" ಎಂದರೆ ಮುಗಿಯಿತು. ಯಾರೂ ಎರಡನೇ ಮಾತು ಆಡಿದ್ದನ್ನು ನಾನು ನೋಡಿಲ್ಲ.

ಎರಡನೇ ಮಾತು ಆಡಿದವಳು ನಾನು. ತೊಟ್ಟಿಲಿನ ಸಿಟ್ಟನ್ನು ಹೊತ್ತುಕೊಂಡು ಸೀದಾ ಶೆಡ್ಡಿಗೆ ಹೋದೆ. ಇಬ್ಬರು ಗಿರಾಕಿಗಳು ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದರು. "ಅಪ್ಪ, ಎಲ್ರೂ ನಗ್ತಾರೆ. ಗಾಡಿ ಗಟ್ಟಿ ಮಾಡ್ಕೊಡು," ಎಂದೆ.

ಅಪ್ಪ ಬಾನೆಟ್ಟು ಅದುಮಿ ಬಿಟ್ಟರು. ಕಾರು ಎದ್ದು, ಒಮ್ಮೆ ತುಸು ಇಳಿದು, ನಿಂತಿತು. "ಇಷ್ಟಿದ್ರ ಸಾಕು ಕಣವ್ವ. ಒಂದ್ಸಲ ಎದ್ದು ಒಂದ್ಸಲ ಕೂತ್ರ ಚೆಂದ."

"ಒಂದ್ಸಲಾನೂ ಕೂರಬಾರದು. ಎದ್ದು ಅಲ್ಲೇ ನಿಲ್ಲಬೇಕು. ಅದಕ್ಕೆ ಒಂದು ಲೆಕ್ಕ ಇದೆ, ನಾನು ದಿನಾ ಪಾಠ ಮಾಡ್ತೀನಿ," ಎಂದೆ. ಕ್ರಿಟಿಕಲ್ ಡ್ಯಾಂಪಿಂಗ್ ಎಂಬ ಮಾತನ್ನೂ ಎಸೆದೆ. ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿಗೆ, ಮೀಟರಿನ ಮುಳ್ಳಿಗೆ ಹೊಂದುವ ಲೆಕ್ಕ ಅದು. ಕಾರಿಗೆ ಅಷ್ಟು ಬಿಗಿ ಬೇಡ, ಬಿಗಿಯಾದರೆ ಸಣ್ಣ ಏಟೂ ಸೊಂಟಕ್ಕೆ ಬೀಳುತ್ತದೆ. ಇದೂ ನನ್ನ ಪಾಠದಲ್ಲೇ ಇದೆ. ಆದರೆ ಸಿಟ್ಟಿನಲ್ಲಿ ಯಾರಿಗೆ ತಾನೆ ಪಾಠ ನೆನಪಾಗುತ್ತದೆ? ಅಪ್ಪ ನನ್ನ ಮುಖ ನೋಡಿದರು, ಬೆಂಚಿನ ಕಡೆ ನೋಡಿದರು. "ಬುಡು, ಮಾಡನ," ಎಂದರು.

ಎರಡು ದಿನ ಬಿಟ್ಟು ಕಾರು ವಾಪಸ್ಸು ಬಂತು. ಈಗ ಅದುಮಿದರೆ ಎದ್ದು ಅಲ್ಲೇ ನಿಲ್ಲುತ್ತಿತ್ತು. ಕನ್ನಡ ಮೇಡಂ ಎರಡು ಸಲ ಹತ್ತಿ ಇಳಿದು, "ತೊಟ್ಟಿಲು ಮುರಿದು ಮಂಚ ಮಾಡ್ಸಿದ್ದೀರಿ," ಎಂದರು. ಅದೂ ಹೊಗಳಿಕೆಯೇ ಎಂದುಕೊಂಡೆ.

ಆ ಸಲದ ಸೆಮಿಸ್ಟರಿನಲ್ಲಿ ಬಲವಂತದ ಆಂದೋಲನದ ಪಾಠ ಇತ್ತು. ಸ್ಪ್ರಿಂಗಿಗೆ ನೇತು ಹಾಕಿದ ತೂಕವನ್ನು ಹೊರಗಿನಿಂದ ಯಾರೋ ಒಂದೇ ಲಯದಲ್ಲಿ ಅಲ್ಲಾಡಿಸುತ್ತಲೇ ಇದ್ದರೆ ಅದು ಎಷ್ಟು ಎತ್ತರಕ್ಕೆ ಆಡುತ್ತದೆ, ಎಷ್ಟು ಹಿಂದೆ ಬೀಳುತ್ತದೆ ಎಂಬ ಪಾಠ. ಲ್ಯಾಬಿನಲ್ಲಿ ಅದನ್ನು ಮಾಡಿಸುವ ಮೋಟಾರು ಕೆಟ್ಟು ಕೂತಿತ್ತು. ನಮ್ಮ ಹುಡುಗರು ಮೋಟಾರಿಲ್ಲದೆಯೂ ರೀಡಿಂಗ್ ಬರೆಯಬಲ್ಲವರು. ಸೀನಿಯರುಗಳ ರೆಕಾರ್ಡು ನೋಡಿ, ಗ್ರಾಫು ಮೊದಲು ಎಳೆದು, ಅದಕ್ಕೆ ತಕ್ಕ ಅಂಕಿ ಆಮೇಲೆ ತುಂಬುವ ಪದ್ಧತಿ ಊರೂರಿನ ಲ್ಯಾಬಿನಲ್ಲೂ ಇದೆ. ಆ ಸುಳ್ಳಿಗೆ ಸಹಿ ಹಾಕಿ ಹಾಕಿ ನನಗೆ ಬೇಜಾರು ಬಂದಿತ್ತು. ಕಾರೇ ಇದೆಯಲ್ಲ, ರಸ್ತೆಯೂ ಇದೆಯಲ್ಲ ಎನಿಸಿತು. ಒಂದು ಭಾನುವಾರ ಬೆಳಿಗ್ಗೆ ಎಂಟು ಹುಡುಗ ಹುಡುಗಿಯರನ್ನು ಆ ಸಿಮೆಂಟ್ ರಸ್ತೆಗೆ ಕರೆದೆ.

ಒಬ್ಬ ಹುಡುಗ ಕಾರಿನ ನೆಲಕ್ಕೆ ಮೊಬೈಲ್ ಅಂಟಿಸಿದ. ಕಾರಿನ ಮೈ ಎಷ್ಟು ಕುಲುಕುತ್ತದೆ ಎಂದು ಅದರ ಆ್ಯಪ್ ಗೆರೆ ಎಳೆಯುತ್ತದೆ. ಇನ್ನಿಬ್ಬರು ಬೈಕಿನಲ್ಲಿ ಪಕ್ಕಕ್ಕೆ ಬರುತ್ತಾ, ಮುಂದಿನ ಚಕ್ರವನ್ನೂ ಅದರ ಮೇಲಿನ ಮಡ್‌ಗಾರ್ಡನ್ನೂ ಒಂದೇ ಚೌಕಟ್ಟಿನಲ್ಲಿ ನಿಧಾನಗತಿಯ ವಿಡಿಯೊ ಹಿಡಿದರು. ನಾನು ಸ್ಟಿಯರಿಂಗ್ ಹಿಡಿದು, ಹೊರಡುವ ಮುಂಚೆ ಒಂದು ಭಾಷಣವನ್ನೂ ಬಿಗಿದೆ. "ಈ ಶಾಕು ನಮ್ಮಪ್ಪ ಕೈಯಾರೆ ಕಟ್ಟಿದ್ದು. ಹೊಸದಕ್ಕಿಂತ ಚೆನ್ನಾಗಿದೆ, ನೋಡ್ಕೊಳ್ಳಿ," ಎಂದು ಎಲ್ಲರ ಕೈಯಲ್ಲೂ ಬಾನೆಟ್ಟು ಅದುಮಿಸಿದೆ. ಹುಡುಗರು ಹುಬ್ಬೇರಿಸಿದರು. ನನ್ನ ಎದೆ ಉಬ್ಬಿತು.

ಮೊದಲ ಸುತ್ತು ಕಣ್ಣಿಗೆ ಹಬ್ಬ. ಆಮೆಯ ವೇಗದಲ್ಲಿ ಹೋದಾಗ ಚಕ್ರ ಎದ್ದರೆ ಮೈಯೂ ಅದರ ಜೊತೆಗೇ ಎದ್ದಿತು, ಇಳಿದರೆ ಇಳಿಯಿತು. ವೇಗ ಮೂವತ್ತಕ್ಕೆ ಏರಿದಾಗ ಕೀಲುಗಳ ಏಟೂ ಕಾರಿನ ಸ್ವಂತ ತೂಗಾಟವೂ ಒಂದೇ ಲಯಕ್ಕೆ ಬಂದವು. ಮೊದಲ ಮೂರು ನಾಲ್ಕು ಕೀಲುಗಳಲ್ಲಿ ಕಾರಿಗೆ ಗಲಿಬಿಲಿ, ಆಮೇಲೆ ಪ್ರತಿ ಏಟಿಗೂ ಅಷ್ಟೇ ಎತ್ತರ. ರಸ್ತೆ ಒಂದೊಂದು ಏಟಿಗೆ ಕೊಡುವಷ್ಟು ಶಕ್ತಿಯನ್ನು ಶಾಕಿನೊಳಗಿನ ಎಣ್ಣೆ ತಿಂದು ಬಿಸಿಯಾಗಿ ಮುಗಿಸುತ್ತದೆ. ಕೊಡುವುದೂ ತಿನ್ನುವುದೂ ಸಮನಾಗುವ ಎತ್ತರದಲ್ಲಿ ಆಟ ನಿಲ್ಲುತ್ತದೆ. ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ ಅದು ಮಕ್ಕಳ ಕಣ್ಣ ಮುಂದೆ ನಡೆಯಿತು. ವಿಡಿಯೊದಲ್ಲಿ ಚಕ್ರ ತುದಿ ಮುಟ್ಟಿ ಇಳಿಯಲು ಶುರು ಮಾಡಿದ್ದರೂ ಮೈ ಇನ್ನೂ ಮೇಲೇರುತ್ತಿತ್ತು. ಅದೇ ಹಿಂದೆ ಬೀಳುವುದು, ಫೇಸ್ ಲ್ಯಾಗ್. ಐವತ್ತಕ್ಕೆ ಹೋದಾಗ ಮೈ ಇನ್ನಷ್ಟು ಹಿಂದೆ ಬೀಳುತ್ತಿತ್ತು. ಆಟವೂ ಮೂವತ್ತಕ್ಕಿಂತ ಚಿಕ್ಕದು.

"ಮೇಡಂ, ಮೂವತ್ತರಲ್ಲೂ ಏನೂ ಜಾಸ್ತಿ ಎದ್ದಿಲ್ಲ. ನಿಮ್ಮಪ್ಪಾರು ಗಟ್ಟಿ," ಎಂದ ಬೈಕಿನವನು.

ಒಂದು ಸಲದ ರೀಡಿಂಗ್ ನಂಬಬಾರದು ಎಂದು ನಾನೇ ಕಲಿಸಿದ್ದೇನಲ್ಲ, ಮತ್ತೆ ಮತ್ತೆ ಓಡಿಸಿದೆ. ಹೋಗಿ ಬಂದು, ಹೋಗಿ ಬಂದು, ಬಿಸಿಲು ಏರಿತು. ನಾಲ್ಕನೇ ಸುತ್ತಿನ ಮೂವತ್ತು ಮೊದಲ ಸುತ್ತಿನ ಮೂವತ್ತರ ಹಾಗಿರಲಿಲ್ಲ. ಮೈ ಹೆಚ್ಚು ಎದ್ದಿತು. ಮುಂದಿನ ಸುತ್ತಿನಲ್ಲಿ ಇನ್ನೂ ಹೆಚ್ಚು. ಕೊನೆಗೆ ಹಿಂದಿನ ಸೀಟಿನ ಹುಡುಗಿಯ ತಲೆ ಚಾವಣಿಗೆ ತಗುಲಿತು. ಅದೇ ರಸ್ತೆ, ಅದೇ ವೇಗ, ಆಟ ಮಾತ್ರ ಮೊದಲಿನ ಎರಡು ಮೂರು ಪಾಲು. ವಿಡಿಯೊದಲ್ಲಿ ಮೈ ಹಿಂದೆ ಬೀಳುವುದೂ ಜಾಸ್ತಿಯಾಗಿತ್ತು. ಚಕ್ರ ಅರ್ಧ ದಾರಿ ಇಳಿದ ಮೇಲೆ ಮೈ ತುದಿ ಮುಟ್ಟುತ್ತಿತ್ತು, ಹೆಚ್ಚುಕಮ್ಮಿ ಕಾಲು ಸುತ್ತಿನಷ್ಟು ತಡ. ಆಟವನ್ನು ಹಿಡಿದು ನಿಲ್ಲಿಸುವ ಡ್ಯಾಂಪಿಂಗ್ ಸತ್ತರೆ ಹೀಗೇ ಆಗುತ್ತದೆ. ವಿಚಿತ್ರವೆಂದರೆ ಐವತ್ತರಲ್ಲಿ ಕಾರು ಇನ್ನೂ ನಯವಾಗಿತ್ತು. ಲಯ ಮೀರಿ ಬೇಗ ಹೊಡೆಯುವ ಏಟನ್ನು ಸಡಿಲ ಶಾಕು ಮೈಗೆ ಕಡಿಮೆ ದಾಟಿಸುತ್ತದೆ. ಗಟ್ಟಿ ಮಾಡಿಸಿದ ಮೇಲೆ ಕಾರು ಹೈವೇಯಲ್ಲಿ ಬೆಣ್ಣೆಯ ಹಾಗೆ ಹೋಗುತ್ತದೆ ಎಂದು ಇಷ್ಟು ದಿನ ನಾನು ಮೆಚ್ಚಿದ್ದು ಸೋತ ಶಾಕನ್ನೇ ಎಂದು ಆಗ ಹೊಳೆಯಿತು.

"ಕೊನೇ ರೀಡಿಂಗ್‌ಗಳ ಬುಟ್ಬುಡನ ಮೇಡಂ. ಮೊದಲ್ನೇವೇ ಚೆನ್ನಾಗವೆ," ಎಂದ ಒಬ್ಬ. ನನಗೆ ಸಹಾಯ ಮಾಡುತ್ತಿದ್ದಾನೆಂದು ತಿಳಿಯಿತು. ತಲೆ ತಗುಲಿಸಿಕೊಂಡ ಹುಡುಗಿ ಮಾತ್ರ ಇಳಿದು, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಶಾಕಿನ ಹತ್ತಿರ ಬೆರಳು ಒಯ್ದು ಸರಕ್ಕನೆ ಎಳೆದುಕೊಂಡಳು. "ಸುಡ್ತದ ಮೇಡಂ. ಬೋಲ್ಟ್ ಹತ್ರ ಎಣ್ಣೇನೂ ಜಿನುಗ್ತಾದ."

ಬೈಕಿನ ಹುಡುಗ ಆ ಎಣ್ಣೆಯನ್ನು ಒಂದು ಕಡ್ಡಿಗೆ ಹಚ್ಚಿಕೊಂಡು ಮೂಸಿದ. ಅವನ ಮನೆಯಲ್ಲಿ ಟ್ರಾಕ್ಟರ್ ಇದೆ. "ಇದು ಎಂಜಿನ್ ಆಯಿಲ್ ಅಲ್ವಾ ಮೇಡಂ?" ಎಂದ. ಕೇಳಿದ ಮೇಲೆ ಕೇಳಬಾರದಿತ್ತು ಎನಿಸಿತೇನೋ, ಕಡ್ಡಿಯನ್ನು ಬೇಲಿಯಾಚೆಗೆ ಎಸೆದ.

ಶಾಕಿಗೆ ಹಾಕುವ ಎಣ್ಣೆ ತೆಳು. ತಣ್ಣಗಿದ್ದರೂ ಬಿಸಿಯಾದರೂ ಅದು ತನ್ನ ಗುಣವನ್ನು ಬಹಳ ಬದಲಿಸುವುದಿಲ್ಲ, ನೊರೆ ಬರುವುದೂ ಕಮ್ಮಿ. ಎಂಜಿನ್ ಆಯಿಲ್ ತಣ್ಣಗಿದ್ದಾಗ ಮಂದ, ಅದಕ್ಕೇ ಶೆಡ್ಡಿನಲ್ಲಿ ಅದುಮಿದರೆ ಕಾರು ಕಲ್ಲಿನ ಹಾಗೆ ನಿಲ್ಲುತ್ತದೆ. ಕುಟ್ಟಿ ಕುಟ್ಟಿ ಬಿಸಿಯಾದರೆ ನೀರಾಗುತ್ತದೆ, ನೊರೆ ಕಟ್ಟುತ್ತದೆ, ಮತ್ತೆ ಹಿಡಿಯುವುದು ಏನನ್ನು? ಇಷ್ಟನ್ನು ನಾನು ಆ ಎಂಟು ಮಕ್ಕಳಿಗೆ ಅಲ್ಲೇ ನಿಂತು ವಿವರಿಸಬೇಕಿತ್ತು. ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿರಲಿಲ್ಲ. ಬಿಸಿಲು ಜಾಸ್ತಿಯಾಯಿತು, ಹೊರಡೋಣ ಎಂದುಬಿಟ್ಟೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ ಮೊಬೈಲ್ ಕಿತ್ತು ಟೇಪು ಸುತ್ತಿಟ್ಟರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ನಾನು ಹಿಡಿಯಷ್ಟಾಗಿದ್ದೆ.

ಗುಂಡ್ಲುಪೇಟೆಯ ತನಕ ನನ್ನ ತಲೆಯಲ್ಲಿ ಒಂದೇ ಓಡುತ್ತಿತ್ತು. ಅಪ್ಪ ಎಣ್ಣೆಯಲ್ಲಿ ಕಾಸು ಉಳಿಸುತ್ತಿದ್ದಾರೆ. ಅಂಗೈಗೆ ಚೆನ್ನಾಗಿ ಕಂಡರೆ ಸಾಕೆಂದು ಸಿಕ್ಕ ಎಣ್ಣೆ ತುಂಬುತ್ತಿದ್ದಾರೆ. ಇದೇ ಶಾಕು ಹಾಕಿಕೊಂಡು ಎಷ್ಟು ಗಾಡಿಗಳು ಘಾಟಿ ಇಳಿಯುತ್ತಿವೆಯೋ. ತಿರುವಿನಲ್ಲಿ ಚಕ್ರ ನೆಲ ಬಿಟ್ಟು ಕುಣಿದರೆ ಬ್ರೇಕು ಹಿಡಿಯುವುದು ಗಾಳಿಯನ್ನೇ. ಮಗಳ ಕಾರಿಗೇ ಹೀಗೆ ಮಾಡಿದವರು ಪರರ ಕಾರಿಗೆ ಬಿಟ್ಟಾರೆಯೇ? ಅಪ್ಪನ ಹೆಸರು ಹೋಯಿತು, ಊರಿನಲ್ಲಿ ಮುಖ ಎಲ್ಲಿಡುವುದು ಎಂದು ಕಣ್ಣು ಒದ್ದೆಯಾಯಿತು. ಹೆಸರು ಎಂದಾಗ ನಾನು ಯೋಚಿಸಿದ್ದು ಅಪ್ಪನದೋ ನನ್ನದೋ, ಹೇಳಲಾರೆ.

ಕಾರು ನಿಲ್ಲಿಸಿದಾಗ ಅಪ್ಪ ಒಬ್ಬ ಕೇರಳದ ಡ್ರೈವರನಿಗೆ ಶಾಕು ಬಿಗಿಯುತ್ತಿದ್ದರು. ಬೆಂಚಿನ ಮೇಲೆ ಇನ್ನೂ ಮೂವರಿದ್ದರು. ಒಳಗೆ ಕರೆದು ಕೇಳಬಹುದಿತ್ತು. ಕರೆಯಲಿಲ್ಲ.

"ಅಪ್ಪ, ಶಾಕಿಗೆ ಎಂಜಿನ್ ಆಯಿಲ್ ಹಾಕ್ತಿದ್ದೀಯಾ?"

ಸ್ಪ್ಯಾನರು ನಿಂತಿತು. "ಆಕಿದ್ದೀನಿ. ಯಾಕವ್ವ?"

"ಎಲ್ಲರ ಗಾಡಿಗೂ ಇದನ್ನೇ ತುಂಬಿ ಕಳಿಸ್ತಿದ್ದೀಯಾ? ಹುಡುಗರ ಮುಂದೆ ನನ್ನ ಮರ್ಯಾದೆ ಹೋಯ್ತು. ಬಿಸಿಯಾದ ಮೇಲೆ ನಿನ್ನ ಶಾಕು ಶಾಕೇ ಅಲ್ಲ, ಬರೀ ಕೊಳವೆ!"

ಬೆಂಚಿನ ಮೇಲಿದ್ದವರಲ್ಲಿ ಒಬ್ಬ ಎದ್ದು ನಿಂತು ರಸ್ತೆಯ ಬದಿ ನಿಲ್ಲಿಸಿದ್ದ ತನ್ನ ಗಾಡಿಯ ಕಡೆ ತಿರುಗಿ ನೋಡಿದ. ಡ್ರೈವರ್ ಅಪ್ಪನ ಕೈಯಲ್ಲಿದ್ದ ಶಾಕನ್ನು ನೋಡಿದ. ಅಪ್ಪ ಒಮ್ಮೆಯೂ ದನಿ ಏರಿಸಲಿಲ್ಲ. ಗೂಡಿನಿಂದ ಶಾಕಿನ ಎಣ್ಣೆಯ ಕ್ಯಾನು ತೆಗೆದು ಬೆಂಚಿನ ಮುಂದೆ ಇಟ್ಟು, ಮುಚ್ಚಳ ಬಿಚ್ಚಿ, ಮೂಸಿ ನೋಡಿ ಎಂಬಂತೆ ಸರಿದು ನಿಂತರು.

"ಎಲ್ರಿಗೂ ಇದೇ ಕಣವ್ವ. ನಿಂದ್ ಗಾಡಿಗೊಂದ್ಕೇ ಅದ್ ಆಕಿದ್ದು. ಇದ್ರಲ್ಲಿ ನೀ ಹೇಳ್ದಷ್ಟ್ ಗಟ್ಟಿ ಬರ್ಲಿಲ್ಲ. ನಾ ಎರಡ್ ಸಲ ಬಿಚ್ಚಿ ತುಂಬ್ದಿ. ಆಗ್ಲಿಲ್ಲ. ನೀ ಲೆಕ್ಕ ಅದೆ ಅಂದ್ಯಲ್ಲ. ಓದ್ದವ್ಳು, ನಿಂಗ ಗೊತ್ತಿರ್ತದ ಅಂತ ನಾ ಅಂದ್ಕಂಡಿ."

ಮೊದಲಿನ ಶಾಕು ಸರಿಯಾಗಿಯೇ ಇತ್ತು. ಆ ರಸ್ತೆಯಲ್ಲಿ ಮೂವತ್ತರಲ್ಲಿ ಹೋದರೆ ಹೊಸ ಕಾರೂ ಒಂದಿಷ್ಟು ಕುಣಿಯುತ್ತದೆ, ಲಯ ಕೂಡಿದ ಮೇಲೆ ಕುಣಿಯಲೇಬೇಕು. ನಾನು ನಿಧಾನ ಮಾಡಿದ್ದರೆ ಸಾಕಿತ್ತು, ತೊಟ್ಟಿಲೂ ಇಲ್ಲ, ಜೋಗುಳವೂ ಇಲ್ಲ. ಅದನ್ನು ಬಿಟ್ಟು ಅಪ್ಪನ ಅಂಗೈಯನ್ನು ಸುಳ್ಳು ಮಾಡಿದ್ದೆ. ಈಗ ನಾಲ್ಕು ಜನರ ಮುಂದೆ ಅವರ ಕೆಲಸವನ್ನೇ ಸುಳ್ಳು ಮಾಡಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ದೊಣ್ಣೆ ನಾನೇ ಆಗಿದ್ದೆ.

"ತಪ್ಪಾಯ್ತು ಅಪ್ಪ. ತಪ್ಪು ನಂದು," ಎಂದೆ. ಗಿರಾಕಿಗಳಿಗೂ ಕೇಳುವಂತೆ ಎರಡು ಸಲ ಹೇಳಿದೆ. ಅಪ್ಪ "ಬುಡವ್ವ, ಏನಾಯ್ತು ಈಗ," ಎಂದು ನಕ್ಕರು. ಡ್ರೈವರ್ ಮಾತ್ರ ಕ್ಯಾನಿನ ಹತ್ತಿರ ಹೋಗಿ, ಬಗ್ಗಿ, ಮೂಸಿ ನೋಡಿಯೇ ಬಂದ. ಅಷ್ಟು ವರ್ಷದಲ್ಲಿ ಆ ಶೆಡ್ಡಿನಲ್ಲಿ ಎಣ್ಣೆ ಮೂಸಿದ ಮೊದಲ ಗಿರಾಕಿ ಅವನು. ಅಪ್ಪ ಬೇರೆ ಕಡೆ ನೋಡುತ್ತಾ ನಿಂತರು.

ಸೋಮವಾರ ತರಗತಿಯಲ್ಲಿ ಎಲ್ಲವನ್ನೂ ಹೇಳಿದೆ. ಎಣ್ಣೆ ಹಾಕಿಸಿದವಳು ನಾನು, ಹಾಕಿದವರ ತಪ್ಪಿಲ್ಲ ಎಂದೆ. ಕೊನೆಯ, ಆರನೇ ಸುತ್ತಿನ ರೀಡಿಂಗನ್ನೂ ಬಿಡದೆ ಗ್ರಾಫಿಗೆ ಏರಿಸಿದೆವು. ತಣ್ಣಗಿದ್ದಾಗಿನದು ಗುಡ್ಡೆಯಷ್ಟು, ಬಿಸಿಯಾದದ್ದು ಬೆಟ್ಟದಷ್ಟು. ಹುಡುಗಿ ಬಂದು, "ನಿಮ್ಮಪ್ಪಾರಿಗೆ ನಾವು ಏನೂ ಅಂದ್ಕೊಂಡಿಲ್ಲ ಅಂತ ಹೇಳಿ ಮೇಡಂ," ಎಂದಳು. ಹೇಳುತ್ತೇನೆ ಎಂದೆ. ಹೇಳಲು ಬಾಯಿ ಬರಲಿಲ್ಲ. ಮಕ್ಕಳು ತಮ್ಮ ಬಗ್ಗೆ ಏನಾದರೂ ಅಂದುಕೊಂಡಿರಬಹುದಿತ್ತು ಎಂದು ಅಪ್ಪನಿಗೆ ಮತ್ತೆ ನೆನಪಿಸುವುದು ಬೇಡ ಎನಿಸಿತು.

ಅಪ್ಪ ನನ್ನ ಕಾರಿಗೆ ಸರಿಯಾದ ಎಣ್ಣೆ ತುಂಬಿ ಕೊಟ್ಟರು. ಮುಗಿಯಿತು ಎಂದುಕೊಂಡೆ. ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮರು ಶನಿವಾರ ಮಧ್ಯಾಹ್ನ ಕಾಲೇಜಿನಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. "ಅಕ್ಕಾ, ನಾನ್ ಟ್ಯಾಕ್ಸಿಯವ್ನು. ನಿಮ್ಮಪ್ಪಾರು ಗಾಡಿ ಬುಡ್ತಿಲ್ಲ ಕಣಕ್ಕ. ಕೆಲ್ಸ ಬೆಳಿಗ್ಗೆನೇ ಮುಗ್ದದ. ಮಗ್ಳು ಬಂದ್ ನೋಡ್ಲಿ, ಆಮೇಲ್ ತಕ್ಕಂಡೋಗು ಅಂತಾರ. ಬ್ಯಾಗ ಬನ್ನಿ ಅಕ್ಕಾ, ನಂಗ್ ಬಾಡ್ಗ ಅದ."

ಹೋದೆ. ಅಪ್ಪ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. "ವಸಿ ನೋಡವ್ವ," ಎಂದು ಗಾಡಿಯ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ನಿನಗೆ ಗೊತ್ತಿಲ್ಲವೇ ಅಪ್ಪ ಎಂದೆ. "ನಂಗ್ ಸರಿ ಅಂತ್ಲೇ ಅನ್ನುಸ್ತದ. ನೀ ಒಂದ್ಸಲ ನೋಡ್ಬುಡು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕೊಂಕಿದ್ದಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ. ಅವರು ನಿಜವಾಗಿಯೇ ಕೇಳುತ್ತಿದ್ದರು.

ಬೇಡವೆಂದರೆ ಗಾಡಿ ಬಿಡುತ್ತಿರಲಿಲ್ಲ. ಟ್ಯಾಕ್ಸಿಯವನು ಗಡಿಯಾರ ನೋಡುತ್ತಿದ್ದ. ಆ ಬಾನೆಟ್ಟಿನ ಮೇಲೆ ಕೈ ಇಟ್ಟೆ. ಲೆಕ್ಕವೆಲ್ಲ ಬಾಯಿಪಾಠ ಇರುವ ನನಗೆ, ಅದುಮಿ ಬಿಟ್ಟಾಗ ಕೈಗೆ ಸಿಕ್ಕಿದ್ದು ಬಿಸಿಲಿಗೆ ಕಾದ ತಗಡು ಮಾತ್ರ. ಗಾಡಿ ಎದ್ದಿತು, ಕೂತಿತು. ಅದು ಸರಿಯೋ ತಪ್ಪೋ ನನಗೆ ತಿಳಿಯಲಿಲ್ಲ.

"ಸರಿ ಇದೆ ಅಪ್ಪ," ಎಂದೆ.

ಅಪ್ಪನ ಮುಖ ಸಡಿಲವಾಯಿತು. "ಆಯ್ತು, ತಕ್ಕಂಡೋಗಪ್ಪ, ನಮ್ ಮಗ್ಳು ನೋಡವ್ಳೆ," ಎಂದು ಅವನಿಗೆ ಕೀಲಿ ಕೊಟ್ಟರು.